ಪದವನ್ನು ಮೀರಿದ ಸ್ವರ: ಇಟಲಿಯ ಮ್ಯಾಡ್ರಿಗಲ್‌ಗಳಲ್ಲಿ ಕವಿತೆ ಮತ್ತು ಸಂಗೀತ

1581ರಲ್ಲಿ ಫ್ಲಾರೆನ್ಸಿನಲ್ಲಿ ಅಚ್ಚಾದ ಒಂದು ಸಂವಾದಗ್ರಂಥದಲ್ಲಿ ವಿಂಚೆಂಜೊ ಗೆಲಿಲಿ ತನ್ನ ಕಾಲದ ಸಂಗೀತಕಾರರ ಮೇಲೆ ಹರಿಹಾಯ್ದ. ಈತ ಲ್ಯೂಟ್ ವಾದಕ, ಸಂಗೀತಶಾಸ್ತ್ರಜ್ಞ. ವಿಜ್ಞಾನಿ ಗೆಲಿಲಿಯೊನ ತಂದೆ. ಅವನ ದೂರು ಇಷ್ಟು: ಕವಿತೆಯಲ್ಲಿ ‘ಓಡು’, ‘ಹಾರು’ ಎಂದು ಬಂದರೆ ಸಾಕು, ಇವರು ಸ್ವರಗಳನ್ನು ಓಡಿಸುತ್ತಾರೆ, ಪಾತಾಳದ ಮಾತು ಬಂದರೆ ಮಂದ್ರಕ್ಕೆ ಇಳಿಸುತ್ತಾರೆ, ಆಕಾಶದ ಮಾತು ಬಂದರೆ ತಾರಕ್ಕೆ ಏರಿಸುತ್ತಾರೆ, ಸಾವು ಎಂದ ಕೂಡಲೇ ಹಾಡುವವರ ಬಾಯಿ ಕಟ್ಟಿಸುತ್ತಾರೆ. ಹೀಗೆ ಒಂದೊಂದು ಪದವನ್ನೂ ಹಿಡಿದು ಚಿತ್ರ ಬಿಡಿಸಿ, ಕವಿತೆಯನ್ನು ಅನುಕರಿಸಿದೆವೆಂದು ಬೀಗುತ್ತಾರೆ. ಇದಕ್ಕಿಂತ ನಾಟಕ ನೋಡಲು ಹೋಗಿ, ಒಡೆಯ ಆಳಿನೊಡನೆ ಆಡುವಾಗ, ಪ್ರೇಮಿ ಪ್ರೇಯಸಿಯನ್ನು ಬೇಡುವಾಗ ದನಿಯ ಏರಿಳಿತ ಹೇಗಿರುತ್ತದೆಂದು ಗಮನಿಸುವುದು ಮೇಲು ಎಂದು ಅವನ ಸಲಹೆ. ಇಪ್ಪತ್ತು ವರ್ಷಗಳ ನಂತರ, 1601ರಲ್ಲಿ, ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಹಾಡಿನ ಪುಸ್ತಕದ ಮುನ್ನುಡಿಯೂ ಇದೇ ಧಾಟಿಯದು. ಥಾಮಸ್ ಕ್ಯಾಂಪಿಯನ್ ಬರೆದದ್ದೆಂದು ಹೇಳಲಾಗುವ ಆ ಮುನ್ನುಡಿ, ಪದಪದಕ್ಕೂ ಸ್ವರ ಹೊಂದಿಸುವವರನ್ನು ‘ನೋಡುತ್ತೇನೆ’ ಎನ್ನುವಾಗಲೆಲ್ಲ ಕಣ್ಣಿಗೆ ಬೆರಳಿಡುತ್ತಿದ್ದ ಹಳೆಯ ಪ್ರಹಸನದ ನಟರಿಗೆ ಹೋಲಿಸುತ್ತದೆ.

ಇವರಿಬ್ಬರ ಕೋಪಕ್ಕೆ ಗುರಿಯಾದ ಕಲೆಯೇ ಮ್ಯಾಡ್ರಿಗಲ್. 1530ರ ದಶಕದಿಂದ ಸುಮಾರು 1620ರವರೆಗೆ ಇಟಲಿಯಲ್ಲಿ, ಕೊನೆಕೊನೆಗೆ ಇಂಗ್ಲೆಂಡಿನಲ್ಲಿ ಕೂಡ, ವಿದ್ಯಾವಂತರ ಮನೆಗಳಲ್ಲಿ, ಆಸ್ಥಾನಗಳಲ್ಲಿ, ಸಾಹಿತ್ಯಗೋಷ್ಠಿಗಳಲ್ಲಿ ನಾಲ್ಕೈದು ಜನ ಕೂಡಿ ಹಾಡುತ್ತಿದ್ದ ಪ್ರಕಾರ ಇದು. ಪ್ರತಿ ಕಂಠಕ್ಕೂ ತನ್ನದೇ ಧಾಟಿ. ಎಲ್ಲ ಕಂಠಗಳೂ ಒಂದೇ ಕವಿತೆಯನ್ನು ಹಾಡುತ್ತವೆ, ಆದರೆ ಎಲ್ಲವೂ ಒಂದೇ ಗಳಿಗೆಯಲ್ಲಿ ಒಂದೇ ಪದವನ್ನು ಹಾಡಬೇಕೆಂದಿಲ್ಲ. ಪಲ್ಲವಿಗೆ ಮರಳುವ ಕಟ್ಟೂ ಇಲ್ಲ, ಚರಣ ಚರಣಕ್ಕೆ ಅದೇ ಮಟ್ಟು ಎಂಬ ನಿಯಮವೂ ಇಲ್ಲ. ಸಾಲು ಬದಲಾದರೆ ಸಂಗೀತವೂ ಹೊಸದಾಗಬಹುದು. ಆದ್ದರಿಂದಲೇ ಕವಿತೆಯ ಅರ್ಥ ಸಂಗೀತದಲ್ಲಿ ಎಲ್ಲಿದೆ, ಹೇಗಿದೆ ಎಂಬ ಪ್ರಶ್ನೆ ಇಲ್ಲಿ ಎದ್ದಷ್ಟು ತೀವ್ರವಾಗಿ ಬೇರೆ ಹಾಡುಗಳಲ್ಲಿ ಏಳುವುದಿಲ್ಲ. ಈ ಪ್ರಶ್ನೆಗೆ ಅಭ್ಯಾಸಿಗಳು ಕೊಡುತ್ತ ಬಂದ ಉತ್ತರಗಳಲ್ಲಿ ಎರಡು ಬಗೆಗಳಿವೆ. ಒಂದು, ಪದವನ್ನೂ ಸ್ವರವನ್ನೂ ಜೋಡಿ ಮಾಡಿ ತೋರಿಸುವುದು: ಇಲ್ಲಿ ‘ಏರು’ ಇದೆ, ನೋಡಿ, ಸ್ವರವೂ ಏರಿದೆ. ಇನ್ನೊಂದು, ಕವಿತೆಯ ವಾಕ್ಯ, ಸಾಲು, ತಿರುವು, ಮಾತಾಡುವವರ ದನಿ ಇವುಗಳ ಜೋಡಣೆಗೆ ಸಂಗೀತದ ಜೋಡಣೆ ಹೇಗೆ ಉತ್ತರ ಕೊಡುತ್ತದೆಂದು ನೋಡುವುದು. ಮೊದಲ ಬಗೆ ಸುಲಭ, ಪಠ್ಯಪುಸ್ತಕಗಳಲ್ಲಿ ಹೆಚ್ಚು ಕಾಣುವುದೂ ಅದೇ. ಆದರೆ ಒಳ್ಳೆಯ ಮ್ಯಾಡ್ರಿಗಲ್‌ಗಳ ಮುಂದೆ ಅದು ಸೋಲುತ್ತದೆ. ಪದಚಿತ್ರಣ ಎಂದು ನಾವು ಕರೆಯುವುದು ಸಂಗೀತಕಾರ ಕವಿತೆಯನ್ನು ಓದಿಕೊಂಡ ರೀತಿಯ ಮೇಲ್ಪದರ ಮಾತ್ರ. ಅದನ್ನು ಆ ಓದಿನಿಂದ ಕಿತ್ತು ತೆಗೆದರೆ ಗೆಲಿಲಿ ಹೇಳಿದ ಬಾಲಿಶ ಆಟವೇ ಉಳಿಯುತ್ತದೆ.

ಗೆಲಿಲಿಯ ಟೀಕೆಗೆ ನೇರವಾಗಿ ಸಿಕ್ಕಿಬೀಳುವ ಉದಾಹರಣೆಗಳು ಇಲ್ಲವೆಂದಲ್ಲ. ಲೂಕಾ ಮರೆಂಜಿಯೊ ‘ಕಣ್ಣುಗಳು’ ಎಂಬ ಪದದಿಂದ ಶುರುವಾಗುವ ಒಂದು ಕವಿತೆಗೆ ಮೊದಲ ಪದದಲ್ಲೇ ಎರಡು ಸೆಮಿಬ್ರೀವ್‌ಗಳನ್ನಿಟ್ಟ. ಸೆಮಿಬ್ರೀವ್ ಎಂದರೆ ಒಳಗೆ ಟೊಳ್ಳಾದ, ಬಾಲವಿಲ್ಲದ ಬಿಳಿ ಸ್ವರಚಿಹ್ನೆ. ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಕೂತರೆ ಎರಡು ಕಣ್ಣು ನಮ್ಮನ್ನು ನೋಡಿದಂತೆ ಕಾಣುತ್ತದೆ. ಕತ್ತಲೆಗೆ ಕಪ್ಪು ತುಂಬಿದ ಸ್ವರಗಳು, ಹಗಲಿಗೆ ಬಿಳಿ ಸ್ವರಗಳು ಎಂಬ ಪದ್ಧತಿಯೂ ಇತ್ತು. ಇದು ಕಿವಿಗೆ ಕೇಳುವುದಿಲ್ಲ. 1949ರಲ್ಲಿ ‘ಇಟಲಿಯ ಮ್ಯಾಡ್ರಿಗಲ್’ ಎಂಬ ಮೂರು ಸಂಪುಟಗಳ ಮೇರುಕೃತಿಯನ್ನು ಪ್ರಕಟಿಸಿದ ಆಲ್ಫ್ರೆಡ್ ಐನ್‌ಸ್ಟೈನ್ ಈ ‘ಕಣ್ಣಿನ ಸಂಗೀತ’ವನ್ನು ಕುರಿತು ಮೊದಲು ವಿಸ್ತಾರವಾಗಿ ಬರೆದವರಲ್ಲಿ ಒಬ್ಬ, ಆದರೆ ಅದನ್ನು ಆತ ಮೆಚ್ಚಲಿಲ್ಲ. ಕೇಳದ ಸಂಗೀತ ಸಂಗೀತವೇ ಅಲ್ಲ ಎಂಬ ಆ ನಿಲುವು ಸಹಜವಾಗಿ ಕಂಡರೂ ಒಂದು ಸಂಗತಿಯನ್ನು ಮರೆಯುತ್ತದೆ. ಮ್ಯಾಡ್ರಿಗಲ್‌ಗಳು ಅಚ್ಚಾಗುತ್ತಿದ್ದುದು ಬಿಡಿ ಕಂಠಪುಸ್ತಕಗಳಾಗಿ: ಸೊಪ್ರಾನೊಗೆ ಒಂದು ಪುಸ್ತಕ, ಆಲ್ಟೊಗೆ ಒಂದು, ಟೆನರ್‌ಗೆ ಒಂದು, ಬಾಸ್‌ಗೆ ಒಂದು, ಐದನೆಯ ಕಂಠಕ್ಕೆ ಇನ್ನೊಂದು. ಹಾಡುವವರು ತಂತಮ್ಮ ಪುಸ್ತಕ ಹಿಡಿದು ಕೂರುತ್ತಿದ್ದರು. ಮೊದಲ ಶ್ರೋತೃಗಳೂ ಅವರೇ. ಎರಡು ಬಿಳಿ ಸ್ವರಗಳು ದೂರದಲ್ಲಿ ಕೂತ ಸಭಿಕನಿಗಾಗಿ ಬರೆದವಲ್ಲ, ಪುಸ್ತಕ ಬಿಚ್ಚಿದ ಗಾಯಕಿಗಾಗಿ ಬರೆದವು. ಇದರಿಂದ ಅಭ್ಯಾಸಿಗೂ ಒಂದು ಎಚ್ಚರಿಕೆ ಇದೆ. ಇಂದು ನಾವು ಐದು ಕಂಠಗಳನ್ನೂ ಒಂದರ ಕೆಳಗೊಂದು ಜೋಡಿಸಿದ ಆಧುನಿಕ ಮುದ್ರಣವನ್ನು ಮುಂದಿಟ್ಟುಕೊಂಡು, ಆಗ ಯಾರ ಕಣ್ಣಿಗೂ ಬೀಳದಿದ್ದ ಸಾಮ್ಯಗಳನ್ನು ಕಂಡು ಸಂಭ್ರಮಿಸುತ್ತೇವೆ. ಯಾರಿಗೆ, ಎಲ್ಲಿಂದ ಕಾಣುತ್ತಿತ್ತು ಎಂದು ಕೇಳಿಕೊಳ್ಳದೆ ಒಂದು ಸಾಮ್ಯವನ್ನು ಅರ್ಥ ಎನ್ನಲಾಗದು.

ಒಂದು ಕವಿತೆಯನ್ನು ಹತ್ತಿರದಿಂದ ನೋಡೋಣ. ಪೆಟ್ರಾರ್ಕನ ಗೀತಸಂಗ್ರಹದ 35ನೆಯ ಕವಿತೆ ಒಂದು ಸುನೀತ. ಅದರ ಭಾವ ಹೀಗಿದೆ: ಒಬ್ಬಂಟಿಯಾಗಿ, ಚಿಂತೆಯಲ್ಲಿ ಮುಳುಗಿ, ಜನರಿಲ್ಲದ ಬಯಲುಗಳನ್ನು ತಡವರಿಸುವ ನಿಧಾನದ ಹೆಜ್ಜೆಗಳಿಂದ ಅಳೆಯುತ್ತ ನಡೆದಿದ್ದೇನೆ, ಮರಳಿನಲ್ಲಿ ಮನುಷ್ಯನ ಹೆಜ್ಜೆಗುರುತು ಕಂಡರೆ ತಪ್ಪಿಸಿಕೊಂಡು ಓಡಲು ಕಣ್ಣನ್ನು ಎಚ್ಚರದಲ್ಲಿಟ್ಟಿದ್ದೇನೆ. ಜನರ ನೋಟದಿಂದ ಪಾರಾಗಲು ಬೇರೆ ಮರೆಯಿಲ್ಲ. ಬೆಟ್ಟ, ದಡ, ನದಿ, ಕಾಡು ಎಲ್ಲಕ್ಕೂ ನನ್ನ ಬದುಕು ಎಂಥದೆಂದು ಗೊತ್ತಾಗಿಬಿಟ್ಟಿದೆ. ಆದರೂ ಎಷ್ಟೇ ಕಡಿದಾದ ದಾರಿ ಹಿಡಿದರೂ ಪ್ರೇಮದೇವತೆ ನನ್ನೊಡನೆ ಮಾತಾಡುತ್ತ, ನಾನು ಅವನೊಡನೆ ಮಾತಾಡುತ್ತ ಬರುವುದು ತಪ್ಪುವುದಿಲ್ಲ. ಮೂಲದಲ್ಲಿ ಮೊದಲ ಸಾಲು ಒಬ್ಬಂಟಿತನವನ್ನೂ ಬಯಲುಗಳನ್ನೂ ಹೇಳಿ ನಿಂತುಬಿಡುತ್ತದೆ, ಕ್ರಿಯಾಪದವಿಲ್ಲ. ‘ಅಳೆಯುತ್ತ ನಡೆದಿದ್ದೇನೆ’ ಎಂಬುದು ಸಿಗುವುದು ಎರಡನೆಯ ಸಾಲಿನ ಆರಂಭದಲ್ಲಿ. ಅಂದರೆ ವಾಕ್ಯ ಸಾಲಿನ ಅಂಚನ್ನು ದಾಟಿ ಹರಿಯುತ್ತದೆ. ಓದುಗ ಬಯಲಿನ ಮಧ್ಯೆ ನಿಂತು, ಈ ಬಯಲಿಗೆ ಏನಾಗುತ್ತಿದೆ ಎಂದು ಒಂದು ಉಸಿರು ಕಾಯಬೇಕು.

1599ರಲ್ಲಿ, ತಾನು ತೀರಿಕೊಂಡ ವರ್ಷದಲ್ಲೇ, ಮರೆಂಜಿಯೊ ಐದು ಕಂಠಗಳ ಒಂಬತ್ತನೆಯ ಪುಸ್ತಕದಲ್ಲಿ ಈ ಸುನೀತವನ್ನು ಪ್ರಕಟಿಸಿದ. ಆರಂಭದಲ್ಲಿ ಸೊಪ್ರಾನೊ ಕಂಠ ಸೆಮಿಬ್ರೀವ್‌ಗಳಲ್ಲೇ ನಡೆಯುತ್ತದೆ. ಪ್ರತಿ ಸ್ವರಕ್ಕೂ ಅಷ್ಟೇ ಕಾಲ, ಪ್ರತಿ ಸ್ವರದಿಂದ ಮುಂದಿನದಕ್ಕೆ ಅರ್ಧಸ್ವರದ ಒಂದೇ ಹೆಜ್ಜೆ. ಹೀಗೆ ಅಂಗುಲ ಅಂಗುಲವಾಗಿ ಏರುತ್ತ ಒಂದು ಸ್ಥಾಯಿಯನ್ನೂ ದಾಟಿ ಹೋಗಿ, ಆಮೇಲೆ ಅದೇ ಹೆಜ್ಜೆಯಲ್ಲಿ ಕೆಳಕ್ಕೆ ತಿರುಗುತ್ತದೆ. ಉಳಿದ ನಾಲ್ಕು ಕಂಠಗಳು ಅದರ ಕೆಳಗೆ ಚಿಕ್ಕ ಸ್ವರಗಳಲ್ಲಿ, ಒಂದನ್ನೊಂದು ಅನುಕರಿಸುತ್ತ, ಬೇರೆಯೇ ಧಾಟಿಯಲ್ಲಿ ಚಲಿಸುತ್ತವೆ. ‘ನಿಧಾನದ ಹೆಜ್ಜೆ’ ಎಂಬ ಮಾತಿನ ಚಿತ್ರ ಇದೆಂದು ಯಾರಾದರೂ ಕೂಡಲೇ ಹೇಳಿಯಾರು. ತಪ್ಪಲ್ಲ. ಆದರೆ ಆ ನಡಿಗೆ ಶುರುವಾಗುವುದು ‘ಹೆಜ್ಜೆ’ ಎಂಬ ಪದ ಬಂದಾಗ ಅಲ್ಲ. ‘ಒಬ್ಬಂಟಿ’ ಎಂಬ ಮೊಟ್ಟಮೊದಲ ಪದದಲ್ಲೇ. ಮೊದಲ ಸಾಲು ಮುಗಿದರೂ ಅದು ನಿಲ್ಲುವುದಿಲ್ಲ, ಎರಡನೆಯ ಸಾಲಿನ ಕೊನೆಯವರೆಗೂ ಬಿಡದೆ ಹಾಯುತ್ತದೆ. ಪದಕ್ಕೆ ಚಿತ್ರ ಎಂಬ ವಿವರಣೆ ಇಲ್ಲಿ ಒಡೆದುಹೋಗುತ್ತದೆ, ಏಕೆಂದರೆ ಚಿತ್ರ ಪದಕ್ಕಿಂತ ಮೊದಲೇ ಬಂದಿದೆ. ಸಂಗೀತಕಾರ ಎರಡು ಸಾಲುಗಳ ವಾಕ್ಯವನ್ನು ಪೂರ್ತಿ ಓದಿ, ಎರಡನೆಯ ಸಾಲಿನ ಕ್ರಿಯಾಪದವನ್ನು ಮೊದಲ ಪದದ ಕೆಳಗೆ ತಂದು ಇಟ್ಟಿದ್ದಾನೆ. ಪೆಟ್ರಾರ್ಕ್ ಕಾಯಿಸಿದ್ದನ್ನು ಮರೆಂಜಿಯೊ ಕಾಯಿಸುವುದಿಲ್ಲ; ಆದರೆ ಸಾಲಿನ ಅಂಚನ್ನು ವಾಕ್ಯ ದಾಟುವುದನ್ನು ಮಾತ್ರ ಕೇಳುವಂತೆ ಮಾಡುತ್ತಾನೆ.

ಒಬ್ಬಂಟಿತನದ ಮಾತೂ ಹಾಗೆಯೇ. ಗೆಲಿಲಿ ಹೇಳಿದಂಥ ಸಂಗೀತಕಾರ ‘ಒಬ್ಬಂಟಿ’ ಎಂಬಲ್ಲಿ ಒಂದೇ ಕಂಠವನ್ನು ಹಾಡಿಸಿ ಉಳಿದವನ್ನು ಸುಮ್ಮನಿರಿಸುತ್ತಿದ್ದ. ಇಲ್ಲಿ ಸೊಪ್ರಾನೊ ಒಬ್ಬಂಟಿಯಾಗಿರುವುದು ನಾಲ್ಕು ಕಂಠಗಳ ನಡುವೆ. ಅವು ಮಾತಾಡಿಕೊಳ್ಳುತ್ತವೆ, ಒಂದಕ್ಕೊಂದು ಉತ್ತರಿಸುತ್ತವೆ. ಅದು ಮಾತ್ರ ಯಾರ ಧಾಟಿಗೂ ಸೇರದೆ ತನ್ನ ಅಳತೆಯಲ್ಲೇ ಸಾಗುತ್ತದೆ. ಅರ್ಧಸ್ವರದ ಒಂದೊಂದು ಏರಿಕೆಗೂ ಕೆಳಗಿನ ಕಂಠಗಳು ಹೊಸ ಸ್ವರಮೇಳಕ್ಕೆ ಸರಿದುಕೊಳ್ಳಬೇಕಾಗುತ್ತದೆ, ಹಾಗಾಗಿ ಕಿವಿಗೆ ಒಂದು ನೆಲೆ ಸಿಗುವಷ್ಟರಲ್ಲಿ ಅದು ಜಾರಿಹೋಗುತ್ತದೆ. ಇದನ್ನು ಹಾಡಿದವರಿಗೆ ಗೊತ್ತು: ಸೊಪ್ರಾನೊ ಶ್ರುತಿ ಕೊಂಚ ಸಡಿಲವಾದರೂ ಉಳಿದ ನಾಲ್ವರಿಗೂ ಹಿಡಿಯಲು ಏನೂ ಉಳಿಯುವುದಿಲ್ಲ. ಆ ಬಯಲಲ್ಲಿ ನಡೆಯುವವನಿಗೆ ಗುರುತಿನ ಕಂಬ ಒಂದೂ ಇಲ್ಲದ ಸ್ಥಿತಿಯೇ ಹಾಡುವವರದೂ ಆಗುತ್ತದೆ. ಮುಂದೆ ‘ತಪ್ಪಿಸಿಕೊಂಡು ಓಡು’ ಎಂಬ ಮಾತು ಬಂದಾಗ ಮರೆಂಜಿಯೊ ಪರಿಚಿತ ಉಪಾಯಕ್ಕೇ ಬರುತ್ತಾನೆ. ಚುರುಕಿನ ಸ್ವರಗಳು, ಒಂದು ಕಂಠದ ಹಿಂದೆಯೇ ಇನ್ನೊಂದು ಬೆನ್ನಟ್ಟುವಂತೆ. ಗೆಲಿಲಿ ಈ ಭಾಗವನ್ನು ಎತ್ತಿ ತೋರಿಸಿ ನಗಬಹುದಿತ್ತು. ಆದರೆ ಅಷ್ಟು ಹೊತ್ತಿನ ಸೆಮಿಬ್ರೀವ್ ನಡಿಗೆಯ ನಂತರ ಬರುವ ಈ ಓಟ ಬರಿಯ ಪದದ ನಕಲಲ್ಲ. ಕವಿತೆಯಲ್ಲಿ ಕಾಲು ನಿಧಾನ, ಕಣ್ಣು ಚುರುಕು ಎಂಬ ವೈದೃಶ್ಯವೇನಿದೆಯೋ ಅದರ ಎರಡನೆಯ ಅರ್ಧ. ಒಂದನ್ನು ಬಿಟ್ಟು ಇನ್ನೊಂದನ್ನು ವಿವರಿಸಲಾಗದು.

ಇದಕ್ಕೆ ಹದಿನೆಂಟು ವರ್ಷ ಮೊದಲೇ, 1581ರಲ್ಲಿ, ಮಾಂಟುವಾದ ಗೊನ್ಜಾಗಾ ಆಸ್ಥಾನದಲ್ಲಿದ್ದ ಜಾಕಸ್ ದೆ ವೆರ್ಟ್ ತನ್ನ ಏಳನೆಯ ಪುಸ್ತಕದಲ್ಲಿ ಇದೇ ಸುನೀತಕ್ಕೆ ಸಂಗೀತ ಕೊಟ್ಟಿದ್ದ. ಮರೆಂಜಿಯೊನ ಒಂಬತ್ತನೆಯ ಪುಸ್ತಕ ಅರ್ಪಿತವಾಗಿರುವುದು ಅದೇ ಮಾಂಟುವಾದ ಡ್ಯೂಕ್ ವಿಂಚೆಂಜೊ ಗೊನ್ಜಾಗಾನಿಗೆ. ಹಳೆಯದನ್ನು ಬಲ್ಲ ಕಿವಿಗಳಿಗಾಗಿಯೇ ಹೊಸದು ಬರೆದಿರಬಹುದು ಎಂದು ಊಹಿಸಲು ಇಷ್ಟು ಸಾಕು. ವೆರ್ಟ್‌ನ ಆರಂಭ ಮರೆಂಜಿಯೊನದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಹೆಜ್ಜೆಗಳಿಲ್ಲ, ಜಿಗಿತಗಳಿವೆ: ಧಾಟಿ ಐದೈದು ಸ್ವರಗಳ ಅಂತರದಲ್ಲಿ ಕೆಳಕ್ಕೆ ಬೀಳುತ್ತದೆ, ಬಿದ್ದಲ್ಲಿಂದ ಮತ್ತೆ ಬೀಳುತ್ತದೆ, ಒಂದು ಕಂಠದ ವ್ಯಾಪ್ತಿಯನ್ನೆಲ್ಲ ಕೆಲವೇ ಸ್ವರಗಳಲ್ಲಿ ಖಾಲಿ ಮಾಡಿಬಿಡುತ್ತದೆ. ಅದೇ ಪದಗಳು, ಅದೇ ವಾಕ್ಯ. ಪದಕ್ಕೂ ಸ್ವರಕ್ಕೂ ನಿಘಂಟಿನಂಥ ಸಂಬಂಧವಿದ್ದರೆ ಇಬ್ಬರೂ ಒಂದೇ ಬಗೆಯಲ್ಲಿ ಬರೆಯಬೇಕಿತ್ತು. ವೆರ್ಟ್ ಮೊದಲ ಸಾಲಿನಲ್ಲಿ ನಿಂತುಕೊಂಡು ಜನರಿಲ್ಲದ ಬಯಲಿನ ಹರವನ್ನು, ಚಿಂತೆಯ ಆಳವನ್ನು ಹಿಡಿದಿದ್ದಾನೆ. ಮರೆಂಜಿಯೊ ಎರಡನೆಯ ಸಾಲಿನಿಂದ ಹಿಂದಕ್ಕೆ ಓದಿ ನಡಿಗೆಯ ಅಳತೆಯನ್ನು ಹಿಡಿದಿದ್ದಾನೆ. ಎರಡೂ ಕವಿತೆಯಲ್ಲಿವೆ. ಯಾವುದು ಸರಿ ಎಂಬ ಪ್ರಶ್ನೆ ಅರ್ಥಹೀನ. ಯಾರು ಎಲ್ಲಿ ಒತ್ತು ಕೊಟ್ಟರು ಎಂಬುದೇ ನಿಜವಾದ ಪ್ರಶ್ನೆ. ಒಂದೇ ಕವಿತೆಗೆ ಹಲವರು ಕೊಟ್ಟ ಸಂಗೀತವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಕ್ಷೇತ್ರದಲ್ಲಿ ನಮಗಿರುವ ಅತ್ಯಂತ ಭದ್ರವಾದ ವಿಧಾನ ಎನ್ನುವುದು ಇದೇ ಕಾರಣಕ್ಕೆ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಮಾಡದೆ ಬಿಟ್ಟಾಗ ಮಾತ್ರ ಅದು ಆಯ್ಕೆ ಎಂದು ತಿಳಿಯುತ್ತದೆ; ಆಯ್ಕೆ ಇದ್ದಲ್ಲಿ ಮಾತ್ರ ಅರ್ಥದ ಮಾತು ಆಡಬಹುದು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಮರೆಂಜಿಯೊನ ಸೊಪ್ರಾನೊ ಏರುತ್ತದಲ್ಲ, ಏಕೆ? ಕವಿತೆಯಲ್ಲಿ ಬಯಲಿದೆ, ಮರಳಿದೆ. ಮೊದಲೆರಡು ಸಾಲುಗಳಲ್ಲಿ ಯಾರೂ ಏನನ್ನೂ ಹತ್ತುವುದಿಲ್ಲ. ನಡಿಗೆಗೆ ಏರಿಕೆ ಬೇಕಿರಲಿಲ್ಲ. ಹಾಗಿದ್ದ ಮೇಲೆ ಹೊಂದುವ ಅಂಶವನ್ನು ಮಾತ್ರ ಎತ್ತಿಕೊಂಡು, ಹೊಂದದ್ದನ್ನು ಮರೆಮಾಚಿ, ಸಂಗೀತ ಕವಿತೆಯನ್ನು ಚಿತ್ರಿಸುತ್ತದೆ ಎನ್ನುವುದು ಕಣ್ಕಟ್ಟಲ್ಲವೇ? ಉತ್ತರದ ಒಂದು ಭಾಗ ಆ ಕಾಲದ ರೂಢಿಯಲ್ಲಿದೆ: ಅರ್ಧಸ್ವರಗಳ ಸಾಲು ನೋವಿಗೆ, ಪ್ರಯಾಸಕ್ಕೆ ಸಲ್ಲುವ ಮಾತೆಂದು ಹಾಡುವವರಿಗೂ ಕೇಳುವವರಿಗೂ ಗೊತ್ತಿತ್ತು. ಮೇಲಕ್ಕೆ ಹೋದಷ್ಟೂ ಕಂಠ ಬಿಗಿಯುತ್ತದೆ. ಆ ಬಿಗಿತ ‘ಚಿಂತೆ’ಯ ಕಡೆಗೆ ಸೇರುತ್ತದೆ, ‘ಹೆಜ್ಜೆ’ಯ ಕಡೆಗಲ್ಲ. ಇನ್ನೊಂದು ಭಾಗವನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಸ್ವರದ ಸಮ ಅಳತೆ, ಹೆಜ್ಜೆಯ ಸಣ್ಣತನ ಇವಕ್ಕೆ ಕವಿತೆಯಲ್ಲಿ ಆಧಾರವಿದೆ. ಏರಿಕೆ ಸಂಗೀತಕಾರನ ಸೇರಿಕೆ. ಇಂಥ ಸೇರಿಕೆಯನ್ನು ಸೇರಿಕೆ ಎಂದೇ ಗುರುತಿಸುವ ವಿಶ್ಲೇಷಣೆಯಲ್ಲಿ ನನಗೆ ಹೆಚ್ಚು ನಂಬಿಕೆ. ಎಲ್ಲವೂ ಹೊಂದಿಬಿಡುವ ವಿವರಣೆಯಲ್ಲಿ ಕವಿತೆಯೋ ಸಂಗೀತವೋ ಎರಡರಲ್ಲೊಂದು ತೆಳುವಾಗಿರುತ್ತದೆ.

ಪದಗಳನ್ನು ಸ್ವರಗಳ ಕೆಳಗೆ ಹೇಗೆ ಕೂರಿಸುವುದು ಎಂಬುದು ಪದಚಿತ್ರಣದಷ್ಟು ಕಣ್ಣಿಗೆ ಹೊಡೆಯದಿದ್ದರೂ ಅರ್ಥಕ್ಕೆ ಅದಕ್ಕಿಂತ ಹತ್ತಿರದ್ದು. ವೆನಿಸ್ಸಿನ ಜೊಸೆಫೊ ಜಾರ್ಲಿನೊ 1558ರ ತನ್ನ ಶಾಸ್ತ್ರಗ್ರಂಥದಲ್ಲಿ ಕಠೋರ ಭಾವಕ್ಕೆ ಎಂಥ ಸ್ವರಾಂತರ, ಮೃದು ಭಾವಕ್ಕೆ ಎಂಥದ್ದು ಎಂದು ಹೇಳಿದ ಮೇಲೆ ಒಂದು ಇಡೀ ಅಧ್ಯಾಯವನ್ನು ಅಕ್ಷರಗಳ ಜೋಡಣೆಯ ನಿಯಮಗಳಿಗೇ ಮೀಸಲಿಟ್ಟ: ದೀರ್ಘ ಅಕ್ಷರಕ್ಕೆ ದೀರ್ಘ ಸ್ವರ ಬರಲಿ, ಪದಗಳನ್ನು ಮರಳಿ ಹಾಡಿಸುವುದಾದರೆ ಅರ್ಥ ಪೂರ್ಣವಾಗುವಷ್ಟನ್ನು ಹಾಡಿಸಲಿ, ತುಂಡು ಅಕ್ಷರಗಳನ್ನಲ್ಲ. ಅವನ ಹಿಂದೆ ಪಿಯೆತ್ರೊ ಬೆಂಬೊ ಇದ್ದಾನೆ. 1525ರಲ್ಲಿ ದೇಸಿ ಭಾಷೆಯ ಮೇಲೆ ಬರೆದ ಗ್ರಂಥದಲ್ಲಿ ಬೆಂಬೊ ಪೆಟ್ರಾರ್ಕನ ಸಾಲುಗಳ ಪದಕ್ರಮವನ್ನು ಅಲ್ಲಾಡಿಸಿ ನೋಡಿ, ಅರ್ಥ ಅದೇ ಇದ್ದರೂ ನಾದ ಹೇಗೆ ಕೆಡುತ್ತದೆಂದು ತೋರಿಸಿದ. ಗಾಂಭೀರ್ಯ ಮತ್ತು ಮಾಧುರ್ಯ, ಇವೆರಡರ ತೂಕವೇ ಕಾವ್ಯ ಎಂಬುದು ಅವನ ಮತ. ಒತ್ತಕ್ಷರಗಳು, ಒತ್ತುಗಳ ನಡುವಿನ ಅಂತರ, ಸ್ವರಾಕ್ಷರಗಳ ಬಣ್ಣ, ಸಾಲು ಹನ್ನೊಂದು ಅಕ್ಷರಗಳದೋ ಏಳರದೋ ಎನ್ನುವುದು, ಪ್ರಾಸ ಹತ್ತಿರವೋ ದೂರವೋ ಎನ್ನುವುದು, ಎಲ್ಲ ಲೆಕ್ಕಕ್ಕೆ ಬರುತ್ತವೆ. ಮ್ಯಾಡ್ರಿಗಲ್‌ನ ಬೇರು ಈ ನಾದಪ್ರಜ್ಞೆಯಲ್ಲಿದೆ ಎಂದು 1969ರಲ್ಲಿ ಡೀನ್ ಮೇಸ್ ವಾದಿಸಿದ ಮೇಲೆ ಚರ್ಚೆಯ ದಿಕ್ಕೇ ಬದಲಾಯಿತು. ಸಂಗೀತಕಾರ ಅನುಸರಿಸಿದ್ದು ಪದದ ಅರ್ಥವನ್ನು ಮಾತ್ರವಲ್ಲ, ಪದದ ಸದ್ದನ್ನೂ ಎಂದಾದರೆ, ಚಿತ್ರ ಕಾಣದ ಕಡೆಯಲ್ಲೂ ಕವಿತೆ ಸಂಗೀತದೊಳಗೆ ಇರಬಹುದು. ಮಾರ್ಥಾ ಫೆಲ್ಡ್‌ಮನ್ ವೆನಿಸ್ಸಿನ ಸಾಹಿತ್ಯಗೋಷ್ಠಿಗಳ ಹಿನ್ನೆಲೆಯಲ್ಲಿ ತೋರಿಸಿದ್ದೂ ಇದನ್ನೇ: ಏಡ್ರಿಯನ್ ವಿಲ್ಲೆರ್ಟ್ 1559ರ ಸಂಗ್ರಹದಲ್ಲಿ ಪೆಟ್ರಾರ್ಕನ ಸುನೀತಗಳನ್ನು ಹಾಡಿಸುವಾಗ ಚಿತ್ರಗಳನ್ನು ಬೇಕೆಂದೇ ತಗ್ಗಿಸಿ, ಒಬ್ಬ ಒಳ್ಳೆಯ ವಾಚಕನ ಉಚ್ಚಾರಣೆಗೆ ಹತ್ತಿರ ಬರುತ್ತಾನೆ. ಅಲ್ಲಿ ಪದಚಿತ್ರಣ ಹುಡುಕುವವನಿಗೆ ಬರಿಗೈ.

ಅಕ್ಷರ ಕೂರಿಸುವ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅನೇಕ ವಿಶ್ಲೇಷಣೆಗಳು ಮುಗ್ಗರಿಸುವುದು ಇಲ್ಲೇ. ಹಳೆಯ ಕಂಠಪುಸ್ತಕಗಳಲ್ಲಿ ಯಾವ ಅಕ್ಷರ ಯಾವ ಸ್ವರದ ಕೆಳಗೆ ಎಂಬುದು ಎಲ್ಲೆಡೆ ಸ್ಪಷ್ಟವಿಲ್ಲ. ಸಾಲನ್ನು ಮರಳಿ ಹಾಡಬೇಕಾದಲ್ಲಿ ಪದಗಳನ್ನು ಬರೆಯದೆ ಒಂದು ಚಿಕ್ಕ ಗುರುತು ಹಾಕಿ ಬಿಡುತ್ತಿದ್ದರು. ಅದನ್ನು ತುಂಬುವವನು ಆಧುನಿಕ ಸಂಪಾದಕ. ಒಂದು ಉದ್ದನೆಯ ಸ್ವರಗುಚ್ಛ ‘ಗಾಳಿ’ ಎಂಬ ಪದದ ಮೇಲೆ ಬಿದ್ದಿದೆ, ಆದ್ದರಿಂದ ಇದು ಗಾಳಿಯ ಚಿತ್ರ ಎಂದು ಬರೆಯುವ ಮೊದಲು ಆ ಪದವನ್ನು ಅಲ್ಲಿ ಕೂರಿಸಿದವರು ಯಾರು ಎಂದು ನೋಡಬೇಕು. ಎಷ್ಟೋ ಸಲ ಅದು ಹಿಂದಿನ ಪದದ ಕೊನೆಯ ಅಕ್ಷರಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಕವಿತೆಯೊಳಗೆ ಮಾತಾಡುವವರು ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಚಿಪ್ರಿಯಾನೊ ದೆ ರೋರೆಯ ಒಂದು ಮ್ಯಾಡ್ರಿಗಲ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅವನ ಮರಣಾನಂತರ 1566ರಲ್ಲಿ ಪ್ರಕಟವಾದ ಐದನೆಯ ಪುಸ್ತಕದಲ್ಲಿ ಅದಿದೆ. ಪೂರ್ವದಲ್ಲಿ ಬೆಳ್ಳಿ ಮೂಡಿದೆ. ಪ್ರಿಯೆಯ ತೋಳಿನಲ್ಲಿರುವ ಪ್ರೇಮಿ ಅವಳ ನಿಟ್ಟುಸಿರನ್ನೂ ಮಾತನ್ನೂ ಕೇಳುತ್ತಾನೆ: ಹೊರಟೆಯಾ, ನನ್ನನ್ನು ಒಬ್ಬಳನ್ನೇ ಬಿಟ್ಟು, ನನ್ನ ಗತಿ ಏನು. ಆಮೇಲೆ ಕವಿತೆ ಮತ್ತೆ ಕಥನಕ್ಕೆ ಮರಳಿ, ಬಳ್ಳಿಗಿಂತ ಬಿಗಿಯಾದ ಅವರ ಅಪ್ಪುಗೆಯನ್ನು ವರ್ಣಿಸುತ್ತದೆ. ರೋರೆ ಕಥನವನ್ನು ಐದು ಕಂಠಗಳ ತುಂಬು ನೇಯ್ಗೆಯಲ್ಲಿ ಹಾಡಿಸಿ, ಹೆಂಗಸಿನ ಮಾತು ಶುರುವಾದ ಕೂಡಲೇ ಎತ್ತರದ ಕಂಠಗಳಿಗೆ ಬರುತ್ತಾನೆ. ಮಾತು ಚೂರುಚೂರಾಗಿ, ನಡುನಡುವೆ ಮೌನವಿಟ್ಟು, ಅನಿರೀಕ್ಷಿತ ಸ್ವರಮೇಳಗಳ ಮೇಲೆ ಹೊರಡುತ್ತದೆ. ‘ಒಬ್ಬಳನ್ನೇ’ ಎಂಬಲ್ಲಿ ಸೊಪ್ರಾನೊ ಒಂದೇ ಉಳಿಯುತ್ತದೆ. ಇದು ಗೆಲಿಲಿ ಲೇವಡಿ ಮಾಡಿದ ಉಪಾಯವೇ. ಆದರೆ ಇಲ್ಲಿ ನಗು ಬರುವುದಿಲ್ಲ. ಏಕೆಂದರೆ ಅಷ್ಟರಲ್ಲಿ ಆ ಕಂಠವನ್ನು ನಾವು ಒಬ್ಬ ಹೆಂಗಸಿನ ದನಿಯೆಂದು ಕೇಳತೊಡಗಿದ್ದೇವೆ. ಉಳಿದ ಕಂಠಗಳು ಸುಮ್ಮನಾದಾಗ ಪದವೊಂದರ ನಕಲು ಕೇಳುವುದಿಲ್ಲ, ಅವಳನ್ನು ಬಿಟ್ಟುಹೋದದ್ದು ಕೇಳುತ್ತದೆ. ನಟರನ್ನು ನೋಡಿ ಕಲಿಯಿರಿ ಎಂದು ಗೆಲಿಲಿ ಹೇಳುವ ಮೊದಲೇ ರೋರೆ ಆ ಪಾಠ ಕಲಿತಿದ್ದ. ಸೂಸನ್ ಮ್ಯಾಕ್ಲಾರಿ 2004ರ ಪುಸ್ತಕದಲ್ಲಿ ಮ್ಯಾಡ್ರಿಗಲ್‌ಗಳು ಒಂದು ಅಂತರಂಗವನ್ನು ನಿರ್ಮಿಸುತ್ತವೆ, ಅದರ ತಾಕಲಾಟವನ್ನು ಕೃತಿಯುದ್ದಕ್ಕೂ ಸ್ವರಗಳ ನೆಲೆ ಬದಲಾಗುವ ರೀತಿಯಲ್ಲಿ ಕೇಳಬಹುದು ಎಂದು ವಾದಿಸುತ್ತಾಳೆ. ಬಿಡಿ ಪದಗಳಿಂದ ಮೇಲೆದ್ದು ಇಡೀ ಕೃತಿಯ ನಡೆಯನ್ನು ಕೇಳಬೇಕೆನ್ನುವ ಅವಳ ಮಾತನ್ನು ಒಪ್ಪುತ್ತೇನೆ. ಐದು ಕಂಠಗಳು ಕೂಡಿ ಒಂದೇ ಅಂತರಂಗವಾಗುತ್ತವೆ ಎಂಬುದನ್ನು ಪ್ರತಿ ಕೃತಿಯಲ್ಲೂ ಹೊಸದಾಗಿ ಸಾಧಿಸಿ ತೋರಿಸಬೇಕೆಂದು ನನಗನ್ನಿಸುತ್ತದೆ.

ಸಂಗೀತದ ಅರ್ಥ ಪದಗಳನ್ನೇ ನಂಬಿದೆಯೇ ಎಂಬ ಪ್ರಶ್ನೆ ಆಗಲೇ ಬೀದಿಗೆ ಬಂದಿತ್ತು. ಬೊಲೋನ್ಯಾದ ಜೊವಾನಿ ಮರಿಯಾ ಆರ್ಟೂಸಿ 1600ರಲ್ಲಿ ಇನ್ನೂ ಅಚ್ಚಾಗದ ಕೆಲವು ಮ್ಯಾಡ್ರಿಗಲ್‌ಗಳಿಂದ ತುಣುಕುಗಳನ್ನೆತ್ತಿ, ಇವು ಸ್ವರಶಾಸ್ತ್ರದ ನಿಯಮ ಮುರಿದಿವೆ ಎಂದು ಖಂಡಿಸಿದ. ಅವನ್ನು ರಚಿಸಿದ ಕ್ಲಾಡಿಯೊ ಮಾಂಟೆವೆರ್ಡಿಯ ಹೆಸರನ್ನೂ ಹೇಳಲಿಲ್ಲ, ತುಣುಕುಗಳ ಕೆಳಗೆ ಪದಗಳನ್ನೂ ಕೊಡಲಿಲ್ಲ. ಅವುಗಳಲ್ಲೊಂದು ಗ್ವಾರಿನಿಯ ನಾಟಕದ ಪ್ರೇಮಿಯೊಬ್ಬ ನಿರ್ದಯಿ ಪ್ರೇಯಸಿಯನ್ನು ಕುರಿತು ಆಡುವ ಮಾತು. ಅಲ್ಲಿ ‘ಅಯ್ಯೋ’ ಎನ್ನುವಾಗ ಸೊಪ್ರಾನೊ ಮೊದಲು ಸಿದ್ಧತೆಯಿಲ್ಲದೆ ಬಾಸ್ ಜೊತೆ ಒಗ್ಗದ ಸ್ವರದ ಮೇಲೆ ಬಂದು ಬೀಳುತ್ತದೆ. ಪದವಿಲ್ಲದೆ ನೋಡಿದರೆ ಅದು ತಪ್ಪೇ. 1607ರಲ್ಲಿ ಕ್ಲಾಡಿಯೊನ ತಮ್ಮ ಜೂಲಿಯೊ ಚೆಸಾರೆ ಕೊಟ್ಟ ಉತ್ತರದ ಸಾರ, ಮಾತು ಸ್ವರಮೇಳದ ಒಡತಿಯಾಗಿರಬೇಕು, ದಾಸಿಯಲ್ಲ. ಪದಗಳನ್ನು ಕಿತ್ತು ಸಂಗೀತವನ್ನು ತೂಗುವುದು ನ್ಯಾಯವಲ್ಲ. ಆರ್ಟೂಸಿಯ ಪ್ರಮಾದ ನಮ್ಮ ಪಾಲಿಗೆ ಒಂದು ಪ್ರಯೋಗದಂತೆ ಉಪಯೋಗಕ್ಕೆ ಬಂದಿದೆ. ಪದ ತೆಗೆದಾಗ ಕಾರಣವೇ ಕಾಣದಾಗುವ ಸ್ವರ ಯಾವುದೋ, ಅಲ್ಲಿ ಪದಕ್ಕೂ ಸ್ವರಕ್ಕೂ ನಂಟಿದೆ ಎಂದು ಹೇಳಬಹುದು. ಪದ ತೆಗೆದರೂ ಸರಾಗವಾಗಿ ನಡೆಯುವ ಸ್ವರಕ್ಕೆ ಅರ್ಥ ಹಚ್ಚುವಾಗ ಇನ್ನಷ್ಟು ಸಾಕ್ಷ್ಯ ಬೇಕು.

ಆದರೆ ಇದೇ ಮ್ಯಾಡ್ರಿಗಲ್ ಇನ್ನೊಂದು ಕಡೆಯಿಂದ ನಮ್ಮ ವಾದಕ್ಕೆ ಅಡ್ಡ ಬರುತ್ತದೆ. 1607ರಲ್ಲೇ ಮಿಲಾನಿನ ಅಕ್ವಿಲಿನೊ ಕೊಪ್ಪಿನಿ ಮಾಂಟೆವೆರ್ಡಿಯ ಮ್ಯಾಡ್ರಿಗಲ್‌ಗಳ ಸ್ವರಗಳನ್ನು ಹಾಗೆಯೇ ಉಳಿಸಿಕೊಂಡು, ಇಟಾಲಿಯನ್ ಪ್ರೇಮಕವಿತೆಗಳ ಜಾಗದಲ್ಲಿ ಲ್ಯಾಟಿನ್ ಭಕ್ತಿಪದಗಳನ್ನು ಕೂರಿಸಿ ಪ್ರಕಟಿಸಿದ. ನಿರ್ದಯಿ ಪ್ರೇಯಸಿಯ ಹಾಡು ಶಿಲುಬೆಯ ಮೇಲಿನ ಕ್ರಿಸ್ತನಿಗೆ ಕುಡಿಸಿದ ಕಹಿಯ ಹಾಡಾಯಿತು. ಅದಕ್ಕೂ ಮೊದಲು, 1590ರಲ್ಲಿ, ಲಂಡನ್ನಿನಲ್ಲಿ ಥಾಮಸ್ ವಾಟ್ಸನ್ ಬಹುಪಾಲು ಮರೆಂಜಿಯೊನವೇ ಆದ ಮ್ಯಾಡ್ರಿಗಲ್‌ಗಳಿಗೆ ಇಂಗ್ಲಿಷ್ ಪದ ಹಾಕಿ, ಮೂಲ ಕವಿತೆಯ ಅರ್ಥವನ್ನಲ್ಲ, ಸ್ವರಗಳ ಭಾವವನ್ನು ಅನುಸರಿಸಿದ್ದೇನೆ ಎಂದು ಮುಖಪುಟದಲ್ಲೇ ಘೋಷಿಸಿದ್ದ. ಒಂದೇ ಸಂಗೀತ ಎರಡು ಬೇರೆ ಕವಿತೆಗಳಿಗೆ ಒಪ್ಪುವುದಾದರೆ, ಮೊದಲ ಕವಿತೆಯ ಅರ್ಥ ಅದರೊಳಗೆ ಇದೆ ಎನ್ನುವುದು ಹೇಗೆ? ನನ್ನ ದೃಷ್ಟಿಯಲ್ಲಿ ಇದು ಇಡೀ ಪ್ರಶ್ನೆಯ ಅತ್ಯಂತ ಗಟ್ಟಿ ಆಕ್ಷೇಪ. ಉತ್ತರವೂ ಕೊಪ್ಪಿನಿಯ ಕೆಲಸದಲ್ಲೇ ಇದೆ. ಅವನು ಸಿಕ್ಕ ಪದ ಹಾಕಲಿಲ್ಲ. ಕಹಿಗೆ ಕಹಿಯನ್ನೇ ಇಟ್ಟ. ಮೂಲದ ಮೊದಲ ಪದಗಳ ಸದ್ದಿಗೆ ಹತ್ತಿರದ ಲ್ಯಾಟಿನ್ ಸದ್ದುಗಳನ್ನೇ ಹುಡುಕಿದ. ಅಂದರೆ ಸಂಗೀತ ತನ್ನೊಳಗೆ ಹಿಡಿದಿಟ್ಟದ್ದು ಪ್ರೇಯಸಿಯನ್ನಲ್ಲ. ಭಾವದ ತೀಕ್ಷ್ಣತೆ, ವಾಕ್ಯದ ತುಂಡು ತುಂಡು ನಡೆ, ಒತ್ತು ಬೀಳುವ ಜಾಗ, ತಿರುವಿನ ಗಳಿಗೆ ಇವನ್ನು. ಇವು ಹೊಂದುವ ಕವಿತೆ ಸಿಕ್ಕರೆ ಸಂಗೀತ ಅದನ್ನೂ ಹೊರುತ್ತದೆ, ಹೊಂದದಿದ್ದರೆ ಕೂಡಲೇ ಮುರಿದು ತೋರಿಸುತ್ತದೆ. ಹೊಸ ಪದ ಹಾಕುವವರಿಗೆ ನಿಜವಾಗಿ ತೊಂದರೆ ಕೊಡುವುದೂ ಬಿಡಿ ಚಿತ್ರಗಳೇ: ‘ಓಡು’ ಎಂಬ ಪದಕ್ಕೆಂದೇ ಬರೆದ ಓಟದ ಕೆಳಗೆ ‘ನಿಲ್ಲು’ ಎಂದು ಇಡಲು ಬಾರದು.

ಕೊಪ್ಪಿನಿ 1609ರಲ್ಲಿ ಒಬ್ಬ ವಿದ್ವಾಂಸ ಮಿತ್ರನಿಗೆ ಬರೆದ ಪತ್ರದಲ್ಲಿ ಇನ್ನೊಂದು ಮಾತು ಹೇಳುತ್ತಾನೆ: ಮಾಂಟೆವೆರ್ಡಿಯ ಈ ಕೃತಿಗಳನ್ನು ಹಾಡುವಾಗ ವಿರಾಮಗಳು ಹೆಚ್ಚು ಸಡಿಲವಾಗಿರಬೇಕು, ತಾಳ ಕಟ್ಟುನಿಟ್ಟಾಗಿ ಒಂದೇ ಸಮ ಇರಬಾರದು, ಕೆಲವೆಡೆ ಮುಂದೊತ್ತಬೇಕು, ಕೆಲವೆಡೆ ನಿಧಾನಿಸಬೇಕು. ಇವ್ಯಾವುದೂ ಅಚ್ಚಾದ ಕಂಠಪುಸ್ತಕಗಳಲ್ಲಿ ಇಲ್ಲ. ಕವಿತೆಯನ್ನು ಸಂಗೀತಕ್ಕೆ ಜೋಡಿಸುವ ಕೆಲಸದ ಒಂದು ಪಾಲನ್ನು ಸಂಗೀತಕಾರ ಹಾಡುವವರಿಗೆ ಬಿಟ್ಟಿದ್ದ ಎಂಬುದಕ್ಕೆ ಇದು ಸಮಕಾಲೀನನ ಸಾಕ್ಷ್ಯ. ಹಾಡಿದ್ದನ್ನು ಕೇಳುತ್ತ, ಎಲ್ಲಿ ಯಾರು ಎಷ್ಟು ತಡೆದರು ಎಂದು ಹೋಲಿಸುತ್ತ ಮಾಡುವ ವಿಶ್ಲೇಷಣೆ ಈ ಕ್ಷೇತ್ರದಲ್ಲಿ ಸ್ವರಗಳ ಹಾಳೆಯ ಮೇಲೆ ಮಾಡುವ ವಿಶ್ಲೇಷಣೆಗಿಂತ ಇನ್ನೂ ಬಹಳ ಕಡಿಮೆ. ಮರೆಂಜಿಯೊನ ಸುನೀತದಲ್ಲಿ ಮೊದಲ ಸಾಲು ಮುಗಿದು ಎರಡನೆಯದು ಶುರುವಾಗುವಲ್ಲಿ ಸೊಪ್ರಾನೊ ಉಸಿರು ತೆಗೆದುಕೊಳ್ಳಬೇಕೇ, ಕೂಡದೇ? ತೆಗೆದುಕೊಂಡರೆ ಸಾಲು ಉಳಿಯುತ್ತದೆ, ತೆಗೆದುಕೊಳ್ಳದಿದ್ದರೆ ವಾಕ್ಯ ಉಳಿಯುತ್ತದೆ. ಸ್ವರಗಳು ಎರಡಕ್ಕೂ ಜಾಗ ಕೊಟ್ಟಿವೆ.